ಟಿ4 ಕಡಿಮೆ ಬಂದ ಮಾತ್ರಕ್ಕೆ ನಾಯಿಗೆ ಥೈರಾಯ್ಡ್ ಅಲ್ಲ

ಏಳು ವರ್ಷದ ಲ್ಯಾಬ್ರಡಾರ್. ತೂಕ 38 ಕಿಲೋ, ಇರಬೇಕಾದ್ದಕ್ಕಿಂತ ಏಳೆಂಟು ಕಿಲೋ ಜಾಸ್ತಿ. ಮಳೆಗಾಲ ಶುರುವಾದಾಗಿನಿಂದ ಮೈಯೆಲ್ಲ ಕೆರೆತ, ಹೊಟ್ಟೆಯ ಮೇಲೆ ಕೀವುಗುಳ್ಳೆ, ಕಿವಿಯಿಂದ ವಾಸನೆ. ವಾಕಿಂಗ್‌ಗೆ ಕರೆದೊಯ್ದರೆ ಬೀದಿಯ ತಿರುವಿನಲ್ಲೇ ಕೂತುಬಿಡುತ್ತದೆ. ಪಾರ್ಕಿನಲ್ಲಿ ಸಿಕ್ಕವರೊಬ್ಬರು ‘ಥೈರಾಯ್ಡ್ ಇರಬಹುದು, ಒಂದ್ಸಲ ನೋಡಿಸಿ’ ಎಂದರು. ರಕ್ತ ಪರೀಕ್ಷೆಯಾಯಿತು. ಮೊಬೈಲಿಗೆ ಬಂದ ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಟೋಟಲ್ ಟಿ4, ಡೆಸಿಲೀಟರಿಗೆ 0.7 ಮೈಕ್ರೋಗ್ರಾಂ. ನಾಯಿಗಳಲ್ಲಿ ಇದು ಸಾಮಾನ್ಯವಾಗಿ 1ರಿಂದ 4ರ ನಡುವೆ ಇರುತ್ತದೆ. ಅಂದರೆ ಕಡಿಮೆ. ಮನೆಯವರ ಮಟ್ಟಿಗೆ ರೋಗ ಪತ್ತೆಯಾಯಿತು, ಇನ್ನು ಉಳಿದದ್ದು ಮಾತ್ರೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಪಶುವೈದ್ಯರ ಮುಂದೆ ಮತ್ತೆ ಮತ್ತೆ ಬರುವ ಇಂಥ ಪ್ರಕರಣಗಳ ಒಂದು ಮಾದರಿ. ಇದರಲ್ಲಿ ರೋಗ ಇರಲೂಬಹುದು, ಇಲ್ಲದಿರಲೂಬಹುದು. 0.7 ಎಂಬ ಸಂಖ್ಯೆಯೊಂದನ್ನೇ ಹಿಡಿದು ಅದನ್ನು ತೀರ್ಮಾನಿಸಲು ಬರುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಗ್ರಂಥಿ ಸೊರಗಿದಾಗ

ನಾಯಿಯ ಥೈರಾಯ್ಡ್ ಗ್ರಂಥಿ ಎರಡು ಭಾಗವಾಗಿ ಕತ್ತಿನಲ್ಲಿ ಶ್ವಾಸನಾಳದ ಅಕ್ಕಪಕ್ಕ ಇರುತ್ತದೆ. ಅದು ಮುಖ್ಯವಾಗಿ ಸ್ರವಿಸುವ ಹಾರ್ಮೋನು ಥೈರಾಕ್ಸಿನ್. ಅದರ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುವುದರಿಂದ ಚಿಕ್ಕದಾಗಿ ಟಿ4. ದೇಹದ ಜೀವಕೋಶಗಳು ಒಂದು ಅಯೋಡಿನ್ನನ್ನು ಕಳಚಿ ಟಿ3 ಮಾಡಿಕೊಂಡು ಬಳಸುತ್ತವೆ. ಎಷ್ಟು ಸ್ರವಿಸಬೇಕೆಂದು ಅಪ್ಪಣೆ ಕೊಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದರ ಅಪ್ಪಣೆಯ ಹೆಸರು ಟಿಎಸ್‌ಎಚ್. ರಕ್ತದಲ್ಲಿ ಥೈರಾಕ್ಸಿನ್ ಇಳಿದರೆ ಟಿಎಸ್‌ಎಚ್ ಏರಬೇಕು, ಥೈರಾಕ್ಸಿನ್ ಹೆಚ್ಚಾದರೆ ಟಿಎಸ್‌ಎಚ್ ತಗ್ಗಬೇಕು.

ಹೈಪೋಥೈರಾಯ್ಡಿಸಂ ಬಂದ ನಾಯಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕೆಟ್ಟಿರುವುದು ಥೈರಾಯ್ಡ್ ಗ್ರಂಥಿಯೇ, ಪಿಟ್ಯುಟರಿಯಲ್ಲ. ಇವುಗಳಲ್ಲಿ ಸುಮಾರು ಅರ್ಧದಷ್ಟು ನಾಯಿಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬಿದ್ದಿರುತ್ತದೆ. ಮನುಷ್ಯರಿಗೆ ಬರುವ ಹಾಶಿಮೋಟೊ ಕಾಯಿಲೆಯನ್ನು ಬಹಳಮಟ್ಟಿಗೆ ಹೋಲುವ ಉರಿಯೂತ ಇದು. ಉಳಿದ ಅರ್ಧದಲ್ಲಿ ಗ್ರಂಥಿಯ ಜೀವಕೋಶಗಳು ಕರಗಿ ಅಲ್ಲಿ ಕೊಬ್ಬು ತುಂಬಿಕೊಂಡಿರುತ್ತದೆ. ಎರಡೂ ನಿಧಾನದ ಪ್ರಕ್ರಿಯೆಗಳು, ಲಕ್ಷಣ ಕಾಣುವ ಹೊತ್ತಿಗೆ ಗ್ರಂಥಿಯ ಬಹುಪಾಲು ಹೋಗಿರುತ್ತದೆ. ಹಾಗಾಗಿಯೇ ಇದು ಮರಿಗಳ ಕಾಯಿಲೆಯಲ್ಲ, ನಡುವಯಸ್ಸಿನ ಕಾಯಿಲೆ. ಗೋಲ್ಡನ್ ರಿಟ್ರೀವರ್, ಡಾಬರ್‌ಮನ್, ಬೀಗಲ್, ಬಾಕ್ಸರ್ ತಳಿಗಳಲ್ಲಿ ಹೆಚ್ಚು.

ಲಕ್ಷಣಗಳೂ ಮೆಲ್ಲಗೆ ಬರುತ್ತವೆ. ಊಟ ಹೆಚ್ಚಾಗದಿದ್ದರೂ ಮೈ ಬರುವುದು, ಸೋಮಾರಿತನ, ಚಳಿ ತಡೆಯದೆ ಬೆಚ್ಚಗಿನ ಮೂಲೆ ಹುಡುಕುವುದು, ಪಕ್ಕೆಗಳಲ್ಲಿ ಎರಡೂ ಕಡೆ ಒಂದೇ ರೀತಿ ಕೂದಲು ಉದುರುವುದು, ಬಾಲದ ಕೂದಲು ಹೋಗಿ ಇಲಿಯ ಬಾಲದಂತಾಗುವುದು, ಚರ್ಮ ಕಪ್ಪಾಗಿ ದಪ್ಪವಾಗುವುದು, ಚರ್ಮದ ಸೋಂಕು ವಾಸಿಯಾಗಿ ಮತ್ತೆ ಮರುಕಳಿಸುವುದು. ತೊಡಕೇನೆಂದರೆ ಇವುಗಳಲ್ಲಿ ಒಂದೊಂದೂ ಬೇರೆ ಹತ್ತು ಕಾರಣಗಳಿಗೆ ಬರಬಹುದು. ದಪ್ಪಗಾಗಿ, ಮೈ ಕೆರೆದುಕೊಳ್ಳುವ ಲ್ಯಾಬ್ರಡಾರಿಗೆ ಥೈರಾಯ್ಡ್ ಇರುವ ಸಾಧ್ಯತೆಗಿಂತ ಅಲರ್ಜಿ ಮತ್ತು ಅತಿಯಾದ ಊಟ ಇರುವ ಸಾಧ್ಯತೆಯೇ ಹೆಚ್ಚು. ಥೈರಾಯ್ಡ್ ಕೊರತೆಯಿಂದ ಉದುರುವ ಕೂದಲು ಸಾಮಾನ್ಯವಾಗಿ ಕೆರೆತವಿಲ್ಲದೆ ಉದುರುತ್ತದೆ. ಸೋಂಕು ಸೇರಿಕೊಂಡ ಮೇಲಷ್ಟೇ ಕೆರೆತ.

ಟೋಟಲ್ ಟಿ4 ಹೇಳುವುದು ಏನನ್ನು?

ರಕ್ತದಲ್ಲಿರುವ ಥೈರಾಕ್ಸಿನ್ನಿನಲ್ಲಿ ಸಾವಿರಕ್ಕೆ ಸುಮಾರು 999 ಪಾಲು ಪ್ರೋಟೀನುಗಳಿಗೆ ಅಂಟಿಕೊಂಡೇ ತಿರುಗುತ್ತಿರುತ್ತದೆ. ಬಿಡಿಯಾಗಿದ್ದು ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುವುದು ಉಳಿದ ಒಂದು ಪಾಲು ಮಾತ್ರ. ಟೋಟಲ್ ಟಿ4 ಪರೀಕ್ಷೆ ಎರಡನ್ನೂ ಸೇರಿಸಿ ಅಳೆಯುತ್ತದೆ. ಕಣಜದಲ್ಲಿ ಎಷ್ಟು ಭತ್ತವಿದೆ ಎಂದು ನೋಡಿ ಈ ಹೊತ್ತು ಮನೆಯಲ್ಲಿ ಅನ್ನ ಬೆಂದಿದೆಯೇ ಎಂದು ಹೇಳಹೊರಟಂತೆ ಇದು. ಕಾಯಿಲೆ, ಔಷಧಿ, ಪ್ರೋಟೀನುಗಳ ಏರಿಳಿತ ಇವೆಲ್ಲ ಕಣಜದ ಲೆಕ್ಕವನ್ನು ಇಳಿಸಿದರೂ ಬಿಡಿ ಹಾರ್ಮೋನು ಸಾಕಷ್ಟೇ ಇರಬಹುದು.

ಹಾಗೆಂದು ಟೋಟಲ್ ಟಿ4 ಕೆಲಸಕ್ಕೆ ಬಾರದ ಪರೀಕ್ಷೆಯಲ್ಲ. ನಿಜವಾಗಿ ಹೈಪೋಥೈರಾಯ್ಡಿಸಂ ಇರುವ ನಾಯಿಗಳಲ್ಲಿ ಹತ್ತಕ್ಕೆ ಒಂಬತ್ತು ಅಥವಾ ಅದಕ್ಕೂ ಹೆಚ್ಚು ನಾಯಿಗಳಲ್ಲಿ ಅದು ಕಡಿಮೆಯೇ ಬರುತ್ತದೆ. ಆದ್ದರಿಂದ ಸಂಖ್ಯೆ ನಾರ್ಮಲ್ ಮಿತಿಯ ನಡುವಲ್ಲಿ ನಿಂತಿದ್ದರೆ ‘ಥೈರಾಯ್ಡ್ ಅಲ್ಲ’ ಎಂದು ಬಹುಪಾಲು ಧೈರ್ಯವಾಗಿ ಹೇಳಬಹುದು. ಅಗ್ಗದ ಪರೀಕ್ಷೆಯೊಂದು ಮಾಡಬಹುದಾದ ಒಳ್ಳೆಯ ಕೆಲಸ ಅದು. ಅದು ಎಡವುವುದು ಇನ್ನೊಂದು ದಿಕ್ಕಿನಲ್ಲಿ. ಥೈರಾಯ್ಡ್ ಸರಿಯಿರುವ, ಆದರೆ ಬೇರೇನೋ ತೊಂದರೆಯಿರುವ ನಾಯಿಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಟಿ4 ಕಡಿಮೆ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಅನುಮಾನದ ಮೇಲೆ ನೂರು ನಾಯಿಗಳಿಗೆ ಪರೀಕ್ಷೆ ಮಾಡಿಸಿದ್ದಾರೆ, ಅವುಗಳಲ್ಲಿ ನಿಜವಾದ ಥೈರಾಯ್ಡ್ ರೋಗ ಇರುವುದು ಹತ್ತಕ್ಕೆ ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ಒಂಬತ್ತರ ಟಿ4 ಕಡಿಮೆ ಬಂತು. ಉಳಿದ ತೊಂಬತ್ತರಲ್ಲಿ ಐದಕ್ಕೆ ಒಂದರಂತೆ ಹದಿನೆಂಟರಲ್ಲೂ ಕಡಿಮೆ ಬಂತು. ಒಟ್ಟು ಇಪ್ಪತ್ತೇಳು ‘ಕಡಿಮೆ’ ವರದಿಗಳು, ಅವುಗಳಲ್ಲಿ ಹದಿನೆಂಟು ನಾಯಿಗಳ ಥೈರಾಯ್ಡಿಗೆ ಏನೂ ಆಗಿಲ್ಲ. ಪರೀಕ್ಷೆ ಕೆಟ್ಟದ್ದೆಂದಲ್ಲ, ರೋಗ ವಿರಳವಿರುವ ಕಡೆ ಬೀಸಿದ ಬಲೆಗೆ ತಪ್ಪು ಮೀನೇ ಹೆಚ್ಚು ಬೀಳುತ್ತದೆ. ಲಕ್ಷಣ ಗಟ್ಟಿಯಾಗಿರುವ ನಾಯಿಗೆ ಮಾತ್ರ ಈ ಪರೀಕ್ಷೆ ಬರೆಯುವ ವೈದ್ಯರ ಕೈಯಲ್ಲಿ ಇದೇ ಟಿ4 ಎಷ್ಟೋ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ.

ಟಿ4 ಇಳಿಸುವ ಬೇರೆ ಕೈಗಳು

ಮೊದಲನೆಯದು ಬೇರೆ ಕಾಯಿಲೆ. ಮೂತ್ರಪಿಂಡ, ಯಕೃತ್ತು, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೈಗೆಲ್ಲ ಹಬ್ಬಿದ ಚರ್ಮದ ಸೋಂಕು ಯಾವುದಾದರೂ ಇರಲಿ, ಕಾಯಿಲೆಯ ತೀವ್ರತೆ ಏರಿದಷ್ಟೂ ಟಿ4 ಇಳಿಯುತ್ತದೆ. ಇದು ಗ್ರಂಥಿಯ ಸೋಲಲ್ಲ, ಕಷ್ಟಕಾಲದಲ್ಲಿ ದೇಹ ತಾನೇ ಮಾಡಿಕೊಳ್ಳುವ ಹೊಂದಾಣಿಕೆ. ಮೂಲ ಕಾಯಿಲೆ ವಾಸಿಯಾದರೆ ಟಿ4 ತಾನಾಗಿ ಮೇಲೇಳುತ್ತದೆ. ಮಾತ್ರೆ ಕೊಟ್ಟು ಸಂಖ್ಯೆ ಸರಿಪಡಿಸಿದರೆ ಮೂಲ ಕಾಯಿಲೆಗೆ ಉಪಯೋಗವಿಲ್ಲ.

ಎರಡನೆಯದು ಔಷಧಿ. ಕೆರೆತಕ್ಕೆ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮತ್ತು ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್ ಎರಡೂ ಟಿ4 ಇಳಿಸುತ್ತವೆ. ಸಲ್ಫಾ ಗುಂಪಿನ ಆ್ಯಂಟಿಬಯಾಟಿಕ್ ಇನ್ನೂ ಒಂದು ಹೆಜ್ಜೆ ಮುಂದೆ. ಕೆಲವು ವಾರ ಕೊಟ್ಟರೆ ಅದು ಗ್ರಂಥಿಯಲ್ಲಿ ಹಾರ್ಮೋನಿನ ತಯಾರಿಯನ್ನೇ ತಡೆಯುತ್ತದೆ, ಟಿ4 ಇಳಿದು ಟಿಎಸ್‌ಎಚ್ ಕೂಡ ಏರುತ್ತದೆ. ಅಂಥ ವರದಿ ನೋಡಿದರೆ ಯಾವ ವೈದ್ಯರಿಗಾದರೂ ಅದು ಅಪ್ಪಟ ಹೈಪೋಥೈರಾಯ್ಡಿಸಂ ಎನಿಸಬೇಕು. ಔಷಧಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ.

ಮೂರನೆಯದು ತಳಿ. ಗ್ರೇಹೌಂಡ್, ವಿಪೆಟ್, ಸಲೂಕಿ, ಸ್ಲೂಗಿಯಂಥ ಬೇಟೆಯನ್ನು ಕಣ್ಣಿನಿಂದ ಹಿಂಬಾಲಿಸಿ ಓಡುವ ನಾಯಿಗಳಲ್ಲಿ ಹುಟ್ಟಾ ಆರೋಗ್ಯವಾಗಿದ್ದರೂ ಟಿ4 ಕಡಿಮೆ. ಆರೋಗ್ಯವಂತ ಗ್ರೇಹೌಂಡುಗಳಲ್ಲಿ ಬಹುತೇಕವು ಇತರ ನಾಯಿಗಳ ಕನಿಷ್ಠ ಮಿತಿಗಿಂತ ಕೆಳಗೇ ಇರುತ್ತವೆ, ಅವುಗಳ ಫ್ರೀ ಟಿ4 ಕೂಡ ಆಗಾಗ ತಗ್ಗಿರುತ್ತದೆ. ನಮ್ಮ ಮುಧೋಳ ನಾಯಿಯೂ ಅದೇ ಓಟಗಾರ ಗುಂಪಿನದು. ಉತ್ಸಾಹದಿಂದ ಓಡಾಡಿಕೊಂಡಿರುವ ತೆಳ್ಳನೆಯ ಮುಧೋಳ ನಾಯಿಯ ಟಿ4 ಕಡಿಮೆ ಬಂದಿದ್ದರೆ ಲ್ಯಾಬ್ರಡಾರಿನ ಅಳತೆಗೋಲು ಹಿಡಿದು ರೋಗವೆನ್ನುವ ಮುನ್ನ ಇದು ನೆನಪಿರಬೇಕು.

ನಾಲ್ಕನೆಯದು ಲ್ಯಾಬ್. ನಾಯಿಯ ರಕ್ತವನ್ನು ಮನುಷ್ಯರ ಲ್ಯಾಬಿಗೆ ಕಳಿಸುವ ರೂಢಿ ನಮ್ಮಲ್ಲಿದೆ. ಮನುಷ್ಯರ ಟಿ4 ಮಿತಿ ಸುಮಾರು 5ರಿಂದ 12. ಆ ಮಿತಿಯನ್ನೇ ಮುದ್ರಿಸಿ ಕೊಟ್ಟರೆ 2.5 ಇರುವ ಪೂರ್ತಿ ಆರೋಗ್ಯವಂತ ನಾಯಿಯ ವರದಿಯಲ್ಲೂ ‘ಕಡಿಮೆ’ ಎಂದೇ ಬರುತ್ತದೆ. ಟಿಎಸ್‌ಎಚ್‌ನದು ಇನ್ನೂ ವಿಚಿತ್ರ. ಮನುಷ್ಯರ ಟಿಎಸ್‌ಎಚ್ ಕಿಟ್ ನಾಯಿಯ ಟಿಎಸ್‌ಎಚ್ಚನ್ನು ಸರಿಯಾಗಿ ಗುರುತಿಸುವುದೇ ಇಲ್ಲ, ಗ್ರಂಥಿ ಪೂರ್ತಿ ಸತ್ತ ನಾಯಿಗೂ ಸೊನ್ನೆಯ ಹತ್ತಿರದ ಸಂಖ್ಯೆ ತೋರಿಸಬಹುದು. ನಾಯಿಗೆಂದೇ ತಯಾರಾದ ಟಿಎಸ್‌ಎಚ್ ಪರೀಕ್ಷೆ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ವರದಿಯ ಮೇಲೆ ‘ಕೆನೈನ್ ಟಿಎಸ್‌ಎಚ್’ ಎಂದಿದೆಯೇ ಎಂದು ನೋಡುವುದು ಅದಕ್ಕೇ.

ಒಂದೊಂದು ಪರೀಕ್ಷೆಗೆ ಒಂದೊಂದು ಪ್ರಶ್ನೆ

ಕೆಲಸ ಮಾಡುವ ಹಾರ್ಮೋನು ಸಾಕಷ್ಟಿದೆಯೇ ಎಂಬ ಪ್ರಶ್ನೆಗೆ ಉತ್ತರಿಸುವುದು ಫ್ರೀ ಟಿ4. ಅದನ್ನು ಅಳೆಯುವ ಒಳ್ಳೆಯ ವಿಧಾನಕ್ಕೆ ಈಕ್ವಿಲಿಬ್ರಿಯಂ ಡಯಾಲಿಸಿಸ್ ಎಂದು ಹೆಸರು. ರಕ್ತದ ಸೀರಂ ಅನ್ನು ಸೂಕ್ಷ್ಮ ರಂಧ್ರಗಳ ಪೊರೆಯ ಒಂದು ಬದಿಗೆ, ದ್ರಾವಣವನ್ನು ಇನ್ನೊಂದು ಬದಿಗೆ ಇಟ್ಟು ಗಂಟೆಗಟ್ಟಲೆ ಬಿಡುತ್ತಾರೆ. ಪ್ರೋಟೀನುಗಳು ದೊಡ್ಡವು, ಪೊರೆ ದಾಟಲಾರವು. ಬಿಡಿ ಥೈರಾಕ್ಸಿನ್ ಮಾತ್ರ ದಾಟಿ ಬರುತ್ತದೆ, ಅದನ್ನು ಅಳೆಯುತ್ತಾರೆ. ಒಂಟಿಯಾಗಿ ನೋಡಿದರೆ ಥೈರಾಯ್ಡ್ ಪರೀಕ್ಷೆಗಳಲ್ಲಿ ಇದೇ ಹೆಚ್ಚು ನಂಬಬಹುದಾದದ್ದು. ಬೇರೆ ಕಾಯಿಲೆಗಳಿಗೆ ಇದು ಟೋಟಲ್ ಟಿ4ನಷ್ಟು ಬೇಗ ಬಗ್ಗುವುದಿಲ್ಲ. ಕಾಯಿಲೆ ತೀರಾ ಉಲ್ಬಣಿಸಿದ್ದರೆ ಮಾತ್ರ ಇದೂ ಇಳಿಯುತ್ತದೆ. ದುಬಾರಿ, ನಿಧಾನ, ಎಲ್ಲ ಕಡೆ ಸಿಗದು. ‘ಫ್ರೀ ಟಿ4’ ಎಂದು ಕರೆದು ಡಯಾಲಿಸಿಸ್ ಇಲ್ಲದೆ ನೇರವಾಗಿ ಯಂತ್ರದಲ್ಲಿ ಅಳೆದ ಪರೀಕ್ಷೆಗಳೂ ಇವೆ. ಅವುಗಳಲ್ಲಿ ಹಲವು ಟೋಟಲ್ ಟಿ4ಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಆದ್ದರಿಂದ ಯಾವ ವಿಧಾನ ಎಂದು ಕೇಳಿಯೇ ದುಡ್ಡು ಕೊಡಬೇಕು.

ಪಿಟ್ಯುಟರಿಗೆ ಕೊರತೆ ತಟ್ಟಿದೆಯೇ ಎಂದು ಹೇಳುವುದು ಟಿಎಸ್‌ಎಚ್. ಟಿ4 ಕಡಿಮೆಯಿದ್ದು ಟಿಎಸ್‌ಎಚ್ ಹೆಚ್ಚಿದ್ದರೆ, ಲಕ್ಷಣಗಳೂ ಹೊಂದಿದ್ದು ಸಲ್ಫಾದಂಥ ಔಷಧಿ ಕೊಟ್ಟಿಲ್ಲವಾದರೆ, ರೋಗ ಬಹುತೇಕ ಖಚಿತ. ಆದರೆ ನಿಜವಾದ ರೋಗವಿರುವ ನಾಯಿಗಳಲ್ಲಿ ಸರಿಸುಮಾರು ನೂರಕ್ಕೆ 20ರಿಂದ 40ರಷ್ಟು ನಾಯಿಗಳ ಟಿಎಸ್‌ಎಚ್ ನಾರ್ಮಲ್ ಬರುತ್ತದೆ. ದೀರ್ಘಕಾಲ ದುಡಿದು ಪಿಟ್ಯುಟರಿ ದಣಿಯುವುದು, ಜೊತೆಗಿರುವ ಬೇರೆ ಕಾಯಿಲೆ ಅಥವಾ ಸ್ಟೀರಾಯ್ಡ್ ಅದನ್ನು ತಗ್ಗಿಸುವುದು, ದಿನದೊಳಗಿನ ಏರಿಳಿತ ಇವೆಲ್ಲ ಕಾರಣಗಳು. ಹಾಗಾಗಿ ಹೆಚ್ಚಿರುವ ಟಿಎಸ್‌ಎಚ್ ಒಳ್ಳೆಯ ಸಾಕ್ಷಿ, ನಾರ್ಮಲ್ ಟಿಎಸ್‌ಎಚ್ ಖುಲಾಸೆಯಲ್ಲ. ಮನುಷ್ಯರಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿ ಮುಂದಡಿ ಇಡುವ ವೈದ್ಯರ ಅಭ್ಯಾಸ ನಾಯಿಗಳಿಗೆ ಒಗ್ಗದಿರುವುದು ಇದಕ್ಕೇ.

ಗ್ರಂಥಿಯ ಮೇಲೆ ದಾಳಿ ನಡೆಯುತ್ತಿದೆಯೇ ಎಂಬುದಕ್ಕೆ ಥೈರೋಗ್ಲಾಬ್ಯುಲಿನ್ ಪ್ರತಿಕಾಯಗಳ ಪರೀಕ್ಷೆ. ಇದು ಪಾಸಿಟಿವ್ ಬಂದರೆ ಉರಿಯೂತವಿದೆ ಎಂದರ್ಥ, ಗ್ರಂಥಿ ಸೋತಿದೆ ಎಂದಲ್ಲ. ಪಾಸಿಟಿವ್ ಇದ್ದೂ ಹಾರ್ಮೋನು ಸರಿಯಿರುವ ನಾಯಿಗಳಲ್ಲಿ ಕೆಲವು ಮುಂದೆ ರೋಗಕ್ಕೆ ಜಾರುತ್ತವೆ, ಹಲವು ಬಹುಕಾಲ ಹಾಗೇ ಇರುತ್ತವೆ. ಅವಕ್ಕೆ ಮಾತ್ರೆ ಬೇಡ, ಆಗಾಗ ಮರುಪರೀಕ್ಷೆ ಸಾಕು. ಪ್ರವೃತ್ತಿ ವಂಶದಲ್ಲಿ ಹರಿಯುವುದರಿಂದ ಮರಿ ಮಾಡಿಸುವವರಿಗೆ ಈ ಪರೀಕ್ಷೆ ಮುಖ್ಯ. ನಾಯಿಗಳ ಆನುವಂಶಿಕ ಕಾಯಿಲೆಗಳ ದಾಖಲೆ ಇಡುವ ಅಮೆರಿಕದ ಓಎಫ್‌ಎ ಸಂಸ್ಥೆ ತನ್ನ ಥೈರಾಯ್ಡ್ ನೋಂದಣಿಗೆ ಕೇಳುವುದು ಡಯಾಲಿಸಿಸ್ ಮಾಡಿದ ಫ್ರೀ ಟಿ4, ಕೆನೈನ್ ಟಿಎಸ್‌ಎಚ್ ಮತ್ತು ಈ ಪ್ರತಿಕಾಯ, ಮೂರನ್ನೂ.

ಇದೇ ಪ್ರತಿಕಾಯಗಳ ಒಂದು ಬಗೆ ಟೋಟಲ್ ಟಿ4 ಪರೀಕ್ಷೆಯನ್ನು ತಿರುಗುಮುರುಗು ಮಾಡುವುದೂ ಉಂಟು. ಅಪರೂಪಕ್ಕೆ ಕೆಲವು ನಾಯಿಗಳಲ್ಲಿ ಥೈರಾಕ್ಸಿನ್ನಿಗೇ ಅಂಟುವ ಪ್ರತಿಕಾಯಗಳು ಹುಟ್ಟುತ್ತವೆ. ಅವು ಪರೀಕ್ಷೆಯ ರಾಸಾಯನಿಕಕ್ಕೆ ಅಡ್ಡಬಂದು, ಇಲ್ಲದ ಹಾರ್ಮೋನನ್ನು ಇದೆಯೆಂದು ತೋರಿಸುತ್ತವೆ. ಪಕ್ಕೆಯ ಕೂದಲೆಲ್ಲ ಹೋಗಿ ಮುಖ ಊದಿಕೊಂಡ ನಾಯಿಯ ಟಿ4 ನಾರ್ಮಲ್ ಅಥವಾ ಅದಕ್ಕೂ ಮೇಲೆ ಬಂದರೆ ಇದನ್ನು ಅನುಮಾನಿಸಬೇಕು. ಪೊರೆಯನ್ನು ಪ್ರತಿಕಾಯಗಳೂ ದಾಟಲಾರವಾದ್ದರಿಂದ ಡಯಾಲಿಸಿಸ್ ಮಾಡಿದ ಫ್ರೀ ಟಿ4 ಇಲ್ಲಿ ಸತ್ಯ ಹೇಳುತ್ತದೆ.

ಮತ್ತೆ ಆ ಲ್ಯಾಬ್ರಡಾರಿಗೆ

0.7ರ ವರದಿ ಹಿಡಿದು ಬಂದ ಮನೆಯವರು ‘ಮಾತ್ರೆ ಇವತ್ತೇ ಶುರು ಮಾಡೋಣ್ವಾ ಡಾಕ್ಟ್ರೇ?’ ಎಂದು ಕೇಳಿದರೆ, ತಿಳಿದ ವೈದ್ಯರು ಮೊದಲು ಕೇಳುವುದು ಹಳೆಯ ಚೀಟಿಗಳನ್ನು. ಈ ನಾಯಿಯ ಚೀಟಿಯಲ್ಲಿ ಕೆರೆತಕ್ಕೆಂದು ಮೂರು ವಾರ ಪ್ರೆಡ್ನಿಸೊಲೋನ್ ಇತ್ತು, ರಕ್ತ ತೆಗೆದದ್ದು ಕೊನೆಯ ಮಾತ್ರೆಯ ಮರುದಿನ. ಮೈತುಂಬ ಸೋಂಕೂ ಇತ್ತು. ಅಂದರೆ ಟಿ4 ಇಳಿಸುವ ಕಾರಣಗಳು ಎರಡು, ಎರಡೂ ಥೈರಾಯ್ಡಿನ ಹೊರಗಿನವು. ಇನ್ನೊಂದು ಸುಳಿವು ಕೊಲೆಸ್ಟರಾಲ್. ಹೈಪೋಥೈರಾಯ್ಡಿಸಂ ಇರುವ ನಾಯಿಗಳಲ್ಲಿ ಸುಮಾರು ನಾಲ್ಕಕ್ಕೆ ಮೂರರಲ್ಲಿ ಖಾಲಿ ಹೊಟ್ಟೆಯ ಕೊಲೆಸ್ಟರಾಲ್ ಏರಿರುತ್ತದೆ. ಇದರದು ಮಾಮೂಲಿ. ಕೆನೈನ್ ಟಿಎಸ್‌ಎಚ್ 0.2 ನ್ಯಾನೋಗ್ರಾಂ, ಹೆಚ್ಚೆನಿಸಲು 0.5-0.6 ದಾಟಬೇಕು. ಆದರೆ ಸ್ಟೀರಾಯ್ಡ್ ಟಿಎಸ್‌ಎಚ್ಚನ್ನೂ ತಗ್ಗಿಸುವುದರಿಂದ ಇದೊಂದರಿಂದ ಸಮಾಧಾನಪಡುವಂತಿಲ್ಲ.

‘ಈಗ ಬೇಡಿ ಮೇಡಂ. ಮೊದಲು ಸೋಂಕು ವಾಸಿ ಮಾಡೋಣ. ಸ್ಟೀರಾಯ್ಡ್ ಬಿಟ್ಟು ಆರು ವಾರ ಆದ ಮೇಲೆ ಮತ್ತೆ ನೋಡೋಣ’ ಎಂಬುದು ಸರಿಯಾದ ಸಲಹೆ. ಸೋಂಕಿಗೆ ಸಲ್ಫಾ ಅಲ್ಲದ ಆ್ಯಂಟಿಬಯಾಟಿಕ್, ಔಷಧಿ ಶ್ಯಾಂಪೂವಿನ ಸ್ನಾನ, ಅನ್ನದ ಪ್ರಮಾಣಕ್ಕೆ ಕಡಿವಾಣ. ಮರುಪರೀಕ್ಷೆಯಲ್ಲಿ ಟಿ4 1.9. ಥೈರಾಯ್ಡಿನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಉಳಿದದ್ದು ಅಲರ್ಜಿಯ ಮೂಲ ಹುಡುಕುವ ಕೆಲಸ.

ಇದರ ಪಕ್ಕಕ್ಕೆ ಆರು ವರ್ಷದ ಒಂದು ಗೋಲ್ಡನ್ ರಿಟ್ರೀವರ್ ಇಡೋಣ. ಔಷಧಿ ಯಾವುದೂ ಇಲ್ಲ, ಬೇರೆ ಕಾಯಿಲೆಯೂ ಇಲ್ಲ. ಕೆರೆತವಿಲ್ಲದೆ ಬಾಲದ ಕೂದಲು ಹೋಗಿದೆ, ಎದೆಬಡಿತ ನಿಧಾನ. ಟಿ4 0.6, ಟಿಎಸ್‌ಎಚ್ 1.4, ಕೊಲೆಸ್ಟರಾಲ್ 480, ಪ್ರತಿಕಾಯ ಪಾಸಿಟಿವ್. ಎರಡು ನಾಯಿಗಳ ಟಿ4 ಹೆಚ್ಚುಕಡಿಮೆ ಒಂದೇ, ಆದರೆ ಇದಕ್ಕೆ ಜೀವನಪೂರ್ತಿ ಮಾತ್ರೆ ಬೇಕೇ ಬೇಕು. ಲಿವೋಥೈರಾಕ್ಸಿನ್ನಿನ ರೂಢಿಯ ಆರಂಭದ ಪ್ರಮಾಣ ಕಿಲೋ ತೂಕಕ್ಕೆ 0.02 ಮಿಲಿಗ್ರಾಂ, ದಿನಕ್ಕೆರಡು ಸಲ. 30 ಕಿಲೋ ನಾಯಿಗೆ ಒಂದು ಹೊತ್ತಿಗೆ 600 ಮೈಕ್ರೋಗ್ರಾಂ. 50, 100ರ ಮಾತ್ರೆ ಕೊಟ್ಟು ಅಭ್ಯಾಸವಿರುವ ಮೆಡಿಕಲ್ ಶಾಪಿನವರು ಚೀಟಿ ತಪ್ಪಿರಬೇಕೆಂದು ಹುಬ್ಬೇರಿಸಬಹುದು. ತಪ್ಪಿಲ್ಲ, ನಾಯಿಯ ಕರುಳು ಹೀರಿಕೊಳ್ಳುವುದು ಕಡಿಮೆ, ದೇಹದಿಂದ ಹೊರಹೋಗುವುದು ಬೇಗ. ಒಂದೆರಡು ವಾರದಲ್ಲಿ ಚುರುಕು ಬರುತ್ತದೆ, ಕೂದಲಿಗೆ ತಿಂಗಳುಗಳು ಬೇಕು.

‘ಕೊಟ್ಟು ನೋಡೋಣ’ ಎಂದರೆ?

ಪರೀಕ್ಷೆಗಳ ಗೊಂದಲವೇಕೆ, ಮಾತ್ರೆ ಕೊಟ್ಟು ನೋಡಿದರಾಯಿತಲ್ಲ ಎನ್ನುವವರಿದ್ದಾರೆ. ತೊಂದರೆಯೆಂದರೆ ಥೈರಾಕ್ಸಿನ್ ಆರೋಗ್ಯವಂತ ನಾಯಿಯಲ್ಲೂ ಕೂದಲು ಬೆಳೆಸುತ್ತದೆ, ಒಂದಿಷ್ಟು ಚುರುಕು ತರುತ್ತದೆ, ತೂಕ ಇಳಿಸಬಹುದು. ಗುಣ ಕಂಡಿತೆಂದರೆ ರೋಗ ಇತ್ತೆಂದು ಅರ್ಥವಲ್ಲ. ಮಾತ್ರೆ ನಿಲ್ಲಿಸಿದಾಗ ಲಕ್ಷಣ ಮರಳಿ, ಮತ್ತೆ ಕೊಟ್ಟಾಗ ಹೋದರೆ ಮಾತ್ರ ಅದು ಸಾಕ್ಷಿಯಾದೀತು. ಮಾತ್ರೆ ಶುರುವಾದ ಮೇಲೆ ಪಿಟ್ಯುಟರಿ ಸುಮ್ಮನಾಗಿ, ಚೆನ್ನಾಗಿದ್ದ ಗ್ರಂಥಿಯೂ ಕೆಲಸ ಬಿಟ್ಟು ಕೂರುತ್ತದೆ. ಆಗ ರೋಗ ನಿಜವಾಗಿ ಇತ್ತೇ ಎಂದು ತಿಳಿಯಲು ಮಾತ್ರೆ ಬಿಡಿಸಿ ಆರರಿಂದ ಎಂಟು ವಾರ ಕಾಯಬೇಕು. ಇದಕ್ಕಿಂತ ಕೆಟ್ಟದ್ದು, ಮೂಲ ಕಾಯಿಲೆ ಹಿಂದೆ ಉಳಿದುಬಿಡುವುದು. ಕುಷಿಂಗ್ ಕಾಯಿಲೆಯಲ್ಲೂ ಕೂದಲು ಉದುರುತ್ತದೆ, ಹೊಟ್ಟೆ ಜೋಲುತ್ತದೆ, ಟಿ4 ಕಡಿಮೆ ಬರುತ್ತದೆ. ಆದರೆ ಆ ನಾಯಿ ವಿಪರೀತ ನೀರು ಕುಡಿಯುತ್ತದೆ, ಹಸಿವು ಹೆಚ್ಚು, ಏದುಸಿರು ಬಿಡುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಎಲ್ಲ ಪರೀಕ್ಷೆಗಳೂ ಸೇರಿ ಒಂದು ಮಾತು ಹೇಳದಿದ್ದರೆ ಟಿಎಸ್‌ಎಚ್ಚನ್ನೇ ಚುಚ್ಚಿ, ಚುಚ್ಚುವ ಮುನ್ನ ಮತ್ತು ಆರು ಗಂಟೆಯ ನಂತರ ಟಿ4 ಅಳೆದು ಗ್ರಂಥಿಗೆ ಕಸುವಿದೆಯೇ ಎಂದು ನೋಡುವ ವಿಧಾನವೂ ಇದೆ. ಔಷಧಿ ಬಹಳ ದುಬಾರಿಯಾದ್ದರಿಂದ ಕಂಡುಬರುವುದು ದೊಡ್ಡ ಆಸ್ಪತ್ರೆ, ಸಂಶೋಧನಾ ಕೇಂದ್ರಗಳಲ್ಲಷ್ಟೇ. ಉಳಿದವರಿಗೆ ಕಾದು ಮರುಪರೀಕ್ಷೆ ಮಾಡುವುದೇ ಅಗ್ಗದ ಉಪಾಯ. ಮೈ ತಣ್ಣಗಾಗಿ ಎಚ್ಚರ ತಪ್ಪುತ್ತಿರುವ ನಾಯಿ ತುರ್ತು ಪ್ರಕರಣ, ಅದು ಬಲು ಅಪರೂಪ. ಅದನ್ನು ಬಿಟ್ಟರೆ ಇದು ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವ ಕಾಯಿಲೆ. ಆರು ವಾರ ತಡವಾದರೆ ನಾಯಿ ಕಳೆದುಕೊಳ್ಳುವುದು ಕಡಿಮೆ, ಆತುರಪಟ್ಟರೆ ಬೇಡದ ಮಾತ್ರೆಯನ್ನು ಆಯುಷ್ಯಪೂರ್ತಿ ನುಂಗಬೇಕಾದೀತು.